‘ವಾಸ್’ ಪಕ್ಕ ಬಂದು ಕೂತ ಹಳ್ಳಿಗಳು

ಪ್ರಶ್ನೆ: ಆಫೀಸಲ್ಲಿ ಇಂಗ್ಲಿಷ್ ರಿಪೋರ್ಟ್ ಬರೀತೀನಿ. ಚಿಕ್ಕ ವಾಕ್ಯದಲ್ಲಿ ಈಸ್, ಆರ್ ಸರಿಯಾಗೇ ಬರುತ್ತೆ. ವಾಕ್ಯ ಉದ್ದ ಆದ ಕೂಡಲೇ ತಪ್ಪುತ್ತೆ. ವ್ಯಾಕರಣ ಗೊತ್ತಿದ್ದೂ ಯಾಕೆ ಹೀಗೆ?

ನಾನು ಕೆಲವು ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ವರದಿ ತಿದ್ದುತ್ತಿದ್ದೆ. ಅಲ್ಲಿ ನಾನೇ ಬರೆದ ಒಂದು ವಾಕ್ಯ ಇದು: ‘ದಿ ಕ್ವಾಲಿಟಿ ಆಫ್ ದಿ ವಾಟರ್ ಸ್ಯಾಂಪಲ್ಸ್ ಕಲೆಕ್ಟೆಡ್ ಫ್ರಮ್ ದಿ ಬೋರ್‌ವೆಲ್ಸ್ ಇನ್ ತ್ರೀ ವಿಲೇಜಸ್ ವರ್ ಪೂರ್.’ ಎರಡು ಸಲ ಓದಿ ಸಹಿಗೆ ಕಳಿಸಿದ್ದೆ. ‘ವರ್’ ಅಂತ ಬರೆಯುವ ಹೊತ್ತಿಗೆ ಕ್ವಾಲಿಟಿ ಎಲ್ಲೋ ಹಿಂದೆ ಉಳಿದಿತ್ತು, ಕ್ರಿಯಾಪದದ ಪಕ್ಕದಲ್ಲಿ ಮೂರು ಹಳ್ಳಿಗಳು ಬಂದು ಕೂತಿದ್ದವು. ನನ್ನ ಕೈ ಹಳ್ಳಿಗಳನ್ನು ನೋಡಿ ಬಹುವಚನ ಬರೆಯಿತು.

ಇದು ನಿಮ್ಮೊಬ್ಬರ ಕೊರತೆಯಲ್ಲ, ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಹೀಗೆ ಎಡವುತ್ತಾರೆ. ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬ ಸಂಶೋಧಕರು ಅಂಥವರಿಗೆ ವಾಕ್ಯದ ಮೊದಲ ತುಂಡು ಕೊಟ್ಟು, ಉಳಿದದ್ದನ್ನು ಬಾಯಲ್ಲಿ ಪೂರ್ತಿ ಮಾಡಿಸಿ ನೋಡಿದರು; ಅದು 1991ರಲ್ಲಿ ಪ್ರಕಟವಾಯಿತು. ಕರ್ತೃ ಏಕವಚನವಾಗಿದ್ದು ನಡುವೆ ಬಹುವಚನ ಬಂದಾಗ ಜನ ತಪ್ಪಿದ್ದೇ ಹೆಚ್ಚು, ತಿರುಗಾಮುರುಗಾ ಆದಾಗ ತಪ್ಪಿದ್ದು ತೀರಾ ಕಡಿಮೆ. ತಿದ್ದುವವರಿಗೆ ಇದು ದೊಡ್ಡ ಅನುಕೂಲ. ಎಲ್ಲ ವಾಕ್ಯವನ್ನೂ ಅನುಮಾನಿಸಬೇಕಿಲ್ಲ. ಆರ್, ವರ್, ಹ್ಯಾವ್ ಇರುವ ಕಡೆ ನಿಂತು, ಅದರ ಹಿಂದಿನ ನಾಮಪದ ಬಹುವಚನವಾಗಿದ್ದರೆ ಇನ್ನೂ ಎಡಕ್ಕೆ ಹೋಗಿ ಅದೇ ಕರ್ತೃವೇ ಅಂತ ನೋಡಿ. ಹೆಚ್ಚಿನ ತಪ್ಪು ಸಿಗುವುದು ಅಲ್ಲೇ.

ಆದರೆ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನನ್ನ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: ‘ಮೂರು ಹಳ್ಳಿಗಳ ಕೊಳವೆಬಾವಿಗಳಿಂದ ತೆಗೆದ ನೀರಿನ ಮಾದರಿಗಳ ಗುಣಮಟ್ಟ ಕಳಪೆಯಾಗಿತ್ತು.’ ನಮ್ಮಲ್ಲಿ ವಿಶೇಷಣಗಳೆಲ್ಲ ಮೆರವಣಿಗೆಯ ಹಾಗೆ ಮುಂದೆ ಹೋಗುತ್ತವೆ, ಯಜಮಾನ ಕೊನೆಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಯಜಮಾನ ಮೊದಲೇ ಬಂದು ಕೂತು, ಪರಿವಾರ ಹಿಂದೆ ಬರುತ್ತದೆ. ಪದಗುಚ್ಛದ ಕೊನೆಯಲ್ಲಿ ಇರುವವನೇ ಯಜಮಾನ ಅಂತ ನಂಬಿ ಬೆಳೆದ ಕಿವಿ ನಮ್ಮದು. ಜೊತೆಗೆ ‘ಹತ್ತು ಪುಸ್ತಕ ಇದೆ’, ‘ಎರಡು ಬಸ್ ಹೋಯ್ತು’ ಅಂತ ಆರಾಮಾಗಿ ಮಾತಾಡುವವರು ನಾವು. ನಪುಂಸಕಲಿಂಗದಲ್ಲಿ ಏಕವೋ ಬಹುವೋ ಎಂಬ ಲೆಕ್ಕ ಆಡುಮಾತಿನಲ್ಲಿ ಅಷ್ಟು ಬಿಗಿಯಿಲ್ಲ.

ತಮಾಷೆ ಅಂದರೆ, ಇದೇ ತೊಡಕನ್ನು ಔಷಧವಾಗಿಯೂ ಬಳಸಬಹುದು. ಅನುಮಾನ ಬಂದಾಗ ಕ್ರಿಯಾಪದದವರೆಗಿನ ಭಾಗವನ್ನು ಮನಸ್ಸಿನಲ್ಲೇ ಕನ್ನಡ ಮಾಡಿ, ಕೊನೆಯ ನಾಮಪದ ನೋಡಿ. ಮೇಲಿನ ವಾಕ್ಯದಲ್ಲಿ ಸಿಕ್ಕಿದ್ದು ಗುಣಮಟ್ಟ. ಅದು ಒಂದೇ, ಹಾಗಾಗಿ ‘ವಾಸ್’. ಅನೇಕರನ್ನು ಕಾಡುವ ‘ನಂಬರ್’ ಜೋಡಿಯೂ ಇಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ‘ದಿ ನಂಬರ್ ಆಫ್ ಅಪ್ಲಿಕೇಶನ್ಸ್’ ಅಂದರೆ ಅರ್ಜಿಗಳ ಸಂಖ್ಯೆ, ಕೊನೆಯಲ್ಲಿ ಸಂಖ್ಯೆ ಇದೆ, ಆದ್ದರಿಂದ ‘ಈಸ್’. ‘ಎ ನಂಬರ್ ಆಫ್ ಅಪ್ಲಿಕೇಶನ್ಸ್’ ಅಂದರೆ ಹಲವು ಅರ್ಜಿಗಳು, ಹಾಗಾಗಿ ‘ಆರ್’. ನಿಯಮದ ಪುಸ್ತಕ ಬೇಕಾಗುವುದಿಲ್ಲ.

‘ಅಲಾಂಗ್ ವಿತ್’ ಇರುವಲ್ಲಿ ಗೌರವದ ಬಹುವಚನ ನಮ್ಮನ್ನು ಬೀಳಿಸುತ್ತದೆ. ‘ಇಬ್ಬರು ಸದಸ್ಯರ ಜೊತೆ ಕಾರ್ಯದರ್ಶಿಯವರು ಹಾಜರಿದ್ದರು’ ಅಂತ ಅಂದುಕೊಂಡವರ ಕೈಯಲ್ಲಿ ‘ವರ್’ ಬಂದುಬಿಡುತ್ತದೆ. ಅಲ್ಲಿ ಕರ್ತೃ ಕಾರ್ಯದರ್ಶಿ ಒಬ್ಬರೇ, ‘ಜೊತೆ’ ಬಂದವರು ಲೆಕ್ಕಕ್ಕಿಲ್ಲ. ‘ವಾಸ್’ ಅಂತ ಬರೆದರೆ ಇಂಗ್ಲಿಷಿನಲ್ಲಿ ಯಾರಿಗೂ ಅಗೌರವವಾಗದು.

ಈ ಉಪಾಯ ಕೈಕೊಡುವ ಎರಡು ಜಾಗ ಹೇಳಿಬಿಡುತ್ತೇನೆ. ಹಾಫ್, ಮೋಸ್ಟ್, ಸಮ್, ಆಲ್ ಮುಂತಾದವು ಬಂದಾಗ ‘ಆಫ್’ ನಂತರದ ನಾಮಪದವೇ ವಚನ ನಿರ್ಧರಿಸುತ್ತದೆ. ‘ಮೋಸ್ಟ್ ಆಫ್ ದಿ ವಾಟರ್ ಈಸ್’, ಆದರೆ ‘ಮೋಸ್ಟ್ ಆಫ್ ದಿ ಸ್ಯಾಂಪಲ್ಸ್ ಆರ್’. ‘ಮಾದರಿಗಳಲ್ಲಿ ಅರ್ಧ’ ಅಂತ ಕನ್ನಡ ಮಾಡಿ ‘ಅರ್ಧ’ ಹಿಡಿದುಕೊಂಡರೆ ದಾರಿ ತಪ್ಪುತ್ತೀರಿ.

ಇನ್ನೊಂದು, ನಡುವೆ ‘ಹೂ’ ಅಥವಾ ‘ದಟ್’ ನುಗ್ಗಿದ ವಾಕ್ಯ. ‘ಒನ್ ಆಫ್ ದಿ ಬೋರ್‌ವೆಲ್ಸ್ ದಟ್ ವರ್ ಟೆಸ್ಟೆಡ್ ಇನ್ ಮೇ ಹ್ಯಾಸ್ ಡ್ರೈಡ್ ಅಪ್.’ ಇಲ್ಲಿ ಎರಡು ಕ್ರಿಯಾಪದಗಳಿವೆ. ಪರೀಕ್ಷೆ ಮಾಡಿದ್ದು ಹಲವು ಕೊಳವೆಬಾವಿಗಳನ್ನು, ಅದಕ್ಕೆ ‘ವರ್’. ಬತ್ತಿದ್ದು ಒಂದೇ, ಅದಕ್ಕೆ ‘ಹ್ಯಾಸ್’. ಹೊರಗಿನ ‘ಹ್ಯಾಸ್’ ಅನ್ನು ಕನ್ನಡ ಹಿಡಿದುಕೊಡುತ್ತದೆ: ‘ಪರೀಕ್ಷಿಸಿದ ಕೊಳವೆಬಾವಿಗಳಲ್ಲಿ ಒಂದು.’ ಒಳಗಿನ ‘ವರ್’ ಅನ್ನು ಹಿಡಿದುಕೊಡುವುದಿಲ್ಲ, ಯಾಕೆಂದರೆ ನಮ್ಮ ‘ಪರೀಕ್ಷಿಸಿದ’ ಒಂದಕ್ಕೂ ನೂರಕ್ಕೂ ಒಂದೇ ರೂಪ. ಅಂಥ ಕಡೆ ನಾನು ಈಗಲೂ ನಿಂತು, ಈ ‘ದಟ್’ ಯಾವುದನ್ನು ತೋರಿಸುತ್ತಿದೆ ಅಂತ ಪೆನ್ಸಿಲಿನಲ್ಲಿ ಬಾಣ ಎಳೆದು ನೋಡುತ್ತೇನೆ.