ಬಾಕಿ ಹಣದ ಮೊದಲ ಪತ್ರಕ್ಕೆ ಯಾವ ಪದ?

"ಭೋಸರಿಯ ಗ್ರಾಹಕರು ಬಿಲ್ಲಿನ ಹಣ ಕೊಟ್ಟಿಲ್ಲ. ಇಂಗ್ಲಿಷ್ ಪತ್ರದಲ್ಲಿ ‘ಓವರ್‌ಡ್ಯೂ’ ಎಂದರೆ ಒರಟಾಗುತ್ತದೆಯೇ?"

ಮೊದಲ ಪತ್ರಕ್ಕೆ ‘ಔಟ್‌ಸ್ಟ್ಯಾಂಡಿಂಗ್’ ಬಳಸಿ. ಲೆಕ್ಕದಲ್ಲಿ ಇಷ್ಟು ಬಾಕಿಯಿದೆ ಎಂದಷ್ಟೇ ಅದು ಹೇಳುತ್ತದೆ, ಯಾರನ್ನೂ ದೂರುವುದಿಲ್ಲ. ಆದರೆ ಗಡುವು ಮೀರಿದ್ದನ್ನೂ ಅದು ಹೇಳುವುದಿಲ್ಲ. ಹಾಗಾಗಿ ತಾರೀಖನ್ನು ನೀವೇ ಬರೆಯಬೇಕು. ಮಾರ್ಚ್ 5ರ ಬಿಲ್ಲಿಗೆ 30 ದಿನಗಳ ವಾಯಿದೆ ಇದ್ದರೆ, ‘ಏಪ್ರಿಲ್ 4ಕ್ಕೆ ಸಲ್ಲಬೇಕಿದ್ದ 42,000 ರೂಪಾಯಿ ಇನ್ನೂ ಔಟ್‌ಸ್ಟ್ಯಾಂಡಿಂಗ್ ಇದೆ’ ಎಂಬ ಧಾಟಿ ಸಾಕು.

‘ಪೆಂಡಿಂಗ್’ ಇನ್ನೂ ಮೃದು, ಆದರೆ ನನಗೆ ಹಿಡಿಸದು. ಮಂಜೂರಾತಿ ಎಲ್ಲೋ ನಿಂತಿದೆ ಎಂಬ ಅರ್ಥ ಬಂದು, ಅಕೌಂಟ್ಸ್ ವಿಭಾಗದವರು ‘ಪ್ರೊಸೆಸ್‌ನಲ್ಲಿದೆ’ ಎಂದು ಮಾತು ಮುಗಿಸಿಬಿಡುತ್ತಾರೆ. ‘ಅನ್‌ಪೇಯ್ಡ್’ ನೇರವಾಗಿ ಚುಚ್ಚುತ್ತದೆ. ‘ಓವರ್‌ಡ್ಯೂ’ ಎರಡನೆಯ ಪತ್ರಕ್ಕಿರಲಿ. ಏಪ್ರಿಲ್ 5ಕ್ಕಿಂತ ಮೊದಲು ಗಡುವು ಮೀರಿರುವುದಿಲ್ಲ, ಆಗ ಆ ಪದ ಬರೆದರೆ ತಪ್ಪಾಗುತ್ತದೆ.