ಸಾಲೋಟಗಿಯ ಶಾಸನವನ್ನು ಇನ್ನೊಮ್ಮೆ ಓದಿ

‘ಸಂಪಾದಕರಿಗೆ ನಮಸ್ಕಾರ. ಪ್ರಾಚೀನ ವಿದ್ಯಾಕೇಂದ್ರಗಳ ಬಗ್ಗೆ ಲೇಖನ ಕಳಿಸಿದ್ದೇನೆ. ನಳಂದಾ, ತಕ್ಷಶಿಲೆಗಳ ಜೊತೆಗೆ ನಮ್ಮ ಸಾಲೋಟಗಿಯ ಬಗ್ಗೆಯೂ ನಾಲ್ಕು ಸಾಲು ಬರೆದಿದ್ದೇನೆ. ಪ್ರಕಟಣೆಗೆ ಯೋಗ್ಯವೇ? ಕೊರತೆ ಇದ್ದರೆ ಮುಚ್ಚುಮರೆಯಿಲ್ಲದೆ ತಿಳಿಸಿರಿ.’ — ಇಂಡಿ ತಾಲ್ಲೂಕಿನ ಒಬ್ಬ ಓದುಗ

ಆತ್ಮೀಯರೇ,

ಈ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ಆದರೆ ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ ಸಾಲೋಟಗಿಯೇ ನಿಮ್ಮ ನಿಜವಾದ ಲೇಖನ. ನಳಂದಾ, ತಕ್ಷಶಿಲೆಗಳ ಪುಟಗಳನ್ನು ತೆಗೆದುಹಾಕಿ.

ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ, ಅಂದರೆ ಇಂದಿನ ಸಾಲೋಟಗಿಯಲ್ಲಿ, ಕಟ್ಟಿಸಿದ ಶಾಲೆಗೆ ಬಂದ ದತ್ತಿಗಳನ್ನು ಕ್ರಿ.ಶ. 945ರ ಕಂಬದ ಶಾಸನ ಒಂದೊಂದಾಗಿ ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಅವರ ನಿರ್ವಹಣೆಗೆ 500 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ, ದೀಪಕ್ಕೆ 12 ನಿವರ್ತನ. ನೀವು ಇವನ್ನೆಲ್ಲ ಎಕರೆಗೆ ತಿರುಗಿಸಿದ್ದೀರಿ. ನಿವರ್ತನದ ಅಳತೆ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿದ್ದುದರಿಂದ ಆ ಲೆಕ್ಕ ನಿಲ್ಲುವುದಿಲ್ಲ. ಶಾಸನದ ಮಾತನ್ನೇ ಇಡಿ. ಅಳತೆಯನ್ನು ಬಿಟ್ಟು ಅನುಪಾತವನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ: ವಿದ್ಯಾರ್ಥಿಗಳ ಪಾಲು ಗುರುವಿನ ಪಾಲಿನ ಹತ್ತು ಪಟ್ಟು. ಪಾಠ ನಡೆಯಬೇಕಾದರೆ ದೂರದಿಂದ ಬಂದವನಿಗೆ ಮೊದಲು ಊಟ, ವಸತಿ ಬೇಕಿತ್ತು.

ಇನ್ನೊಂದು ವಿವರವನ್ನು ನೀವು ಪೂರ್ತಿ ಬಿಟ್ಟಿದ್ದೀರಿ, ನನಗಂತೂ ಅದೇ ಬಹಳ ಪ್ರಿಯವಾದದ್ದು. ಊರಿನ ಬ್ರಾಹ್ಮಣರು ತಮ್ಮ ಮನೆಯ ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಕೊಡಬೇಕೆಂಬ ಕಟ್ಟಳೆ ಅಲ್ಲಿದೆ. ಹೊಲದ ಬೆಳೆಯ ಜೊತೆಗೆ ಮನೆಮನೆಯ ಶುಭಕಾರ್ಯವೂ ಶಾಲೆಗೆ ಆದಾಯ ತರುತ್ತಿತ್ತು. ಇದೇ ವಿವರ ‘ಎಲ್ಲರಿಗೂ ತೆರೆದ ವಿಶ್ವವಿದ್ಯಾಲಯ’ ಎಂಬ ನಿಮ್ಮ ವಾಕ್ಯಕ್ಕೆ ಅಡ್ಡ ಬರುತ್ತದೆ: ಇದು ಬ್ರಾಹ್ಮಣ ಸಮುದಾಯ ಪೋಷಿಸಿದ ವೈದಿಕ ವಿದ್ಯೆಯ ಶಾಲೆ. ಆ ಮಿತಿಯನ್ನು ನೇರವಾಗಿ ಬರೆಯಿರಿ.

ದೀಪದ ಭೂಮಿಯನ್ನು ಆಧರಿಸಿ ‘ರಾತ್ರಿಯಿಡೀ ಅಧ್ಯಯನ ನಡೆಯುತ್ತಿತ್ತು’ ಎಂದಿದ್ದೀರಿ. ಆ ಶಾಲೆಯಲ್ಲಿ ತ್ರಿಮೂರ್ತಿಗಳ ಪ್ರತಿಷ್ಠೆಯೂ ಇದ್ದುದರಿಂದ ದೀಪ ದೇವರ ಮುಂದೆಯೂ ಉರಿದಿರಬಹುದು. ಕಲ್ಲಿನ ಮೇಲೆ ಕೊರೆಸುತ್ತಿದ್ದುದು ಯಾರೂ ಕಿತ್ತುಕೊಳ್ಳಬಾರದ ಹಕ್ಕುಗಳನ್ನು, ಅಂದರೆ ಭೂಮಿ, ಮನೆ, ಕಾಣಿಕೆಗಳನ್ನು. ದಿನದ ಪಾಠ ಬಾಯಲ್ಲಿ ಮತ್ತು ಓಲೆಗರಿಯಲ್ಲಿ ಇರುತ್ತಿತ್ತು. ಓಲೆಯನ್ನು ಮತ್ತೆ ಮತ್ತೆ ಪ್ರತಿ ಮಾಡದಿದ್ದರೆ ಹುಳು ತಿಂದು ಹಾಳಾಗುತ್ತಿತ್ತು. ಆದ್ದರಿಂದ ಶಾಸನದಿಂದ ಸಂಸ್ಥೆಯ ಆಸ್ತಿ ಸ್ಪಷ್ಟವಾಗಿ ಕಾಣುತ್ತದೆ, ತರಗತಿ ಮಸುಕಾಗಿಯೇ ಉಳಿಯುತ್ತದೆ.

ಗ್ರಂಥಗಳ ಕಾವಲಿನ ಬಗ್ಗೆ ಬರೆಯಲೇಬೇಕೆಂದಿದ್ದರೆ ಕಲಬುರಗಿ ಜಿಲ್ಲೆಯ ನಾಗಾವಿಗೆ ಹೋಗಿ. ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ 1058ರ ಶಾಸನ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ಉಲ್ಲೇಖಿಸುತ್ತದೆ. ಪುಸ್ತಕ ಕಾಯುವುದಕ್ಕೇ ಆರು ಜನರಿಗೆ ಜೀವನೋಪಾಯ ಒದಗಿಸಿದ ಸಂಸ್ಥೆ ಅದು. ಸಾಲೋಟಗಿಯ ಶಾಸನದಲ್ಲಿ ಮನೆ, ಹೊಲ, ದೀಪದ ಲೆಕ್ಕ, ನಾಗಾವಿಯಲ್ಲಿ ಭಂಡಾರಿಗರು. ಈ ಎರಡನ್ನೇ ಪಕ್ಕಪಕ್ಕಕ್ಕಿಟ್ಟು, ಮದುವೆಯ ಆ 5 ನಾಣ್ಯದಿಂದಲೇ ಲೇಖನ ಆರಂಭಿಸಿ, ಮತ್ತೆ ಕಳಿಸಿರಿ.