ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಯನ್ನು ಎಣಿಸುವುದು

ಪ್ರಶ್ನೆ: ಚಿತ್ರದುರ್ಗದ ಕೋಟೆಗೆ ಹುಣ್ಣಿಮೆಯಂದು ಮಕ್ಕಳನ್ನು ಕರೆದೊಯ್ಯಬೇಕು. ಈ ತಿಂಗಳ ಹುಣ್ಣಿಮೆ ಗೊತ್ತಿದ್ದರೆ ಮುಂದಿನದನ್ನು ನಾನೇ ಲೆಕ್ಕ ಹಾಕಬಹುದೇ?

ಹಾಕಬಹುದು. ಎರಡು ಹುಣ್ಣಿಮೆಗಳ ನಡುವಿನ ಸರಾಸರಿ ಅಂತರ 29.53 ದಿನ, ಅಂದರೆ 29 ದಿನ 12 ಗಂಟೆ 44 ನಿಮಿಷ. ಆದರೆ ಎಣಿಕೆಯನ್ನು ಬರೀ ದಿನಾಂಕದಿಂದಲ್ಲ, ಗಳಿಗೆಯಿಂದ ಆರಂಭಿಸಬೇಕು. ಪಂಚಾಂಗದಲ್ಲಿ ಹುಣ್ಣಿಮೆ ತಿಥಿ ಮುಗಿಯುವ ಹೊತ್ತೇ ಚಂದ್ರನು ಸೂರ್ಯನಿಗೆ ನೇರ ಎದುರಾಗುವ ಗಳಿಗೆ.

2024ರ ಬನದ ಹುಣ್ಣಿಮೆಯನ್ನೇ ನೋಡೋಣ. ಆ ಗಳಿಗೆ ಜನವರಿ 25ರ ರಾತ್ರಿ ಸುಮಾರು 11:24. ಅದಕ್ಕೆ 29 ದಿನ ಸೇರಿಸಿದರೆ ಫೆಬ್ರವರಿ 23ರ ರಾತ್ರಿ 11:24, ಉಳಿದ 12 ಗಂಟೆ 44 ನಿಮಿಷ ಸೇರಿಸಿದರೆ ಫೆಬ್ರವರಿ 24ರ ಮಧ್ಯಾಹ್ನ 12:08. ಭಾರತ ಹುಣ್ಣಿಮೆ ನಿಜಕ್ಕೂ ಸಂಭವಿಸಿದ್ದು ಅದೇ ದಿನ, ಸಂಜೆ ಸುಮಾರು 6 ಗಂಟೆಗೆ.

ಈ ಆರು ಗಂಟೆಗಳ ವ್ಯತ್ಯಾಸ ಲೆಕ್ಕದ ತಪ್ಪಲ್ಲ. ಚಂದ್ರನ ಪಥ ದೀರ್ಘವೃತ್ತಾಕಾರವಾಗಿರುವುದರಿಂದ ಅವನ ವೇಗ ಬದಲಾಗುತ್ತಿರುತ್ತದೆ, ಹಾಗಾಗಿ ನಿಜವಾದ ಅಂತರವು ಸರಾಸರಿಗಿಂತ ಆರೇಳು ಗಂಟೆ ಹೆಚ್ಚೋ ಕಡಿಮೆಯೋ ಆಗಬಹುದು. ನಿಮ್ಮ ಉತ್ತರ ಮಧ್ಯರಾತ್ರಿಯ ಆಸುಪಾಸಿಗೆ ಬಂದರೆ ದಿನಾಂಕವೇ ಒಂದು ದಿನ ಸರಿಯಬಹುದೆಂದು ತಿಳಿಯಿರಿ. ಇನ್ನು 29.5 ಎಂದು ಮೊಟಕುಗೊಳಿಸಿ ಎಣಿಸಬೇಡಿ. ಹನ್ನೆರಡು ಹುಣ್ಣಿಮೆಗಳಲ್ಲಿ ಅದೊಂದೇ ಸುಮಾರು ಒಂಬತ್ತು ಗಂಟೆ ಹಿಂದೆ ಬೀಳಿಸುತ್ತದೆ.